ನಿದ್ದೆಯನ್ನು ಬಸ್ಸಿನಲ್ಲಿ ಕೂರಿಸುವ ಇಂಗ್ಲಿಷ್

‘ಬಸ್ಸಿನಲ್ಲಿ ಕೂತು ಕೂತು ನನಗೆ ನಿದ್ದೆ ಬಂತು’ ಎಂದರೆ ಕನ್ನಡದಲ್ಲಿ ಯಾರೂ ನಗುವುದಿಲ್ಲ. ಕೂತದ್ದು ನಾನು, ಬಂದದ್ದು ನಿದ್ದೆ. ಕ್ರಿಯಾಪದ ನಿದ್ದೆಯದ್ದಾದರೂ, ‘ಕೂತು’ ಎಂಬುದು ‘ನನಗೆ’ ಎಂಬುದಕ್ಕೆ ಸೇರಿದ್ದೆಂದು ನಮ್ಮ ಕಿವಿಗೆ ಗೊತ್ತು. ಅದನ್ನೇ ‘ಸಿಟಿಂಗ್ ಇನ್ ದ ಬಸ್, ಸ್ಲೀಪ್ ಓವರ್‌ಕೇಮ್ ಮಿ’ ಎಂದು ಬರೆದರೆ ಮಾತ್ರ, ಬಸ್ಸಿನಲ್ಲಿ ಕೂತದ್ದು ನಿದ್ದೆ ಎಂದಾಗುತ್ತದೆ.

ಇಂಗ್ಲಿಷಿನ ಲೆಕ್ಕವೇ ಬೇರೆ. ವಾಕ್ಯದ ಮೊದಲಲ್ಲಿ ಕರ್ತೃವಿಲ್ಲದ ‘ಇಂಗ್’ ಪದಗುಚ್ಛ ಬಂದರೆ, ಓದುಗ ಅದನ್ನು ಅಲ್ಪವಿರಾಮದ ಆಚೆಗಿರುವ ಕರ್ತೃವಿಗೆ ಅಂಟಿಸುತ್ತಾನೆ. ಅಲ್ಲಿ ತಪ್ಪು ಪದ ಕೂತಿದ್ದರೆ ಗುಚ್ಛ ನೇತಾಡುತ್ತದೆ. ಇದೇ ಡ್ಯಾಂಗ್ಲಿಂಗ್ ಮಾಡಿಫೈಯರ್. ‘ಹ್ಯಾಮ್ಲೆಟ್’ ನಾಟಕದ ಭೂತರಾಜನ ಮಾತಿನಲ್ಲೂ ಒಂದಿದೆ: ತೋಟದಲ್ಲಿ ಮಲಗಿದ್ದವನು ರಾಜ, ವ್ಯಾಕರಣದ ಪ್ರಕಾರ ಮಲಗಿದ್ದು ಕಚ್ಚಿದ ಹಾವು! ಶೇಕ್ಸ್‌ಪಿಯರನಿಗೆ ಅಂಕ ಕಳೆಯುವವರಿಲ್ಲ, ಅರ್ಜಿ ಬರೆಯುವ ನಮಗಿದ್ದಾರೆ.

ಪರೀಕ್ಷೆ ಸುಲಭ. ಮೊದಲ ಗುಚ್ಛಕ್ಕೆ ‘ಯಾರು?’ ಎಂದು ಕೇಳಿ, ಅಲ್ಪವಿರಾಮದ ನಂತರದ ಕರ್ತೃವೇ ಉತ್ತರವೇ ಎಂದು ನೋಡಬೇಕು. ‘ವಾಕಿಂಗ್ ಟು ದ ಆಫೀಸ್, ಇಟ್ ಬಿಗ್ಯಾನ್ ಟು ರೇನ್’ ಎಂಬಲ್ಲಿ ನಡೆದವರು ಯಾರು? ವಾಕ್ಯದಲ್ಲಿ ಅವರಿಲ್ಲವೇ ಇಲ್ಲ. ಹಲವರು ಮೊದಲಿಗೆ ‘ವೈಲ್’ ಸೇರಿಸಿ ಸುಮ್ಮನಾಗುತ್ತಾರೆ. ‘ವೈಲ್ ವಾಕಿಂಗ್’ ಎಂದರೂ ನಡೆದವನು ಬರಲಿಲ್ಲ. ಗುಚ್ಛವನ್ನು ಕೊನೆಗೆ ಒಯ್ದರೂ ಅಷ್ಟೇ. ಇಲ್ಲದವನನ್ನು ಕರೆತರಲೇಬೇಕು. ‘ವೈಲ್ ಐ ವಾಸ್ ವಾಕಿಂಗ್ ಟು ದ ಆಫೀಸ್, ಇಟ್ ಬಿಗ್ಯಾನ್ ಟು ರೇನ್’ ಎಂದು ಗುಚ್ಛಕ್ಕೇ ಕರ್ತೃ ಕೊಡಬಹುದು. ಇಲ್ಲವೇ ‘ವಾಕಿಂಗ್ ಟು ದ ಆಫೀಸ್, ಐ ಗಾಟ್ ಕಾಟ್ ಇನ್ ದ ರೇನ್’ ಎಂದು ಮುಖ್ಯ ವಾಕ್ಯಕ್ಕೆ ನಡೆದವನನ್ನೇ ಕರ್ತೃವಾಗಿಸಬಹುದು. ನನಗೆ ಎರಡನೆಯದು ಇಷ್ಟ, ಚುರುಕಾಗಿದೆ.

ಕಚೇರಿ ಪತ್ರಗಳಲ್ಲಿ ಈ ತಪ್ಪನ್ನು ಹೆಚ್ಚಾಗಿ ತರುವುದು ಕರ್ಮಣಿ ಪ್ರಯೋಗ. ‘ಆಫ್ಟರ್ ಚೆಕಿಂಗ್ ದ ಪೇಪರ್ಸ್, ದ ಲೋನ್ ವಾಸ್ ಸ್ಯಾಂಕ್ಷನ್ಡ್’ ಎಂದರೆ ಸಾಲವೇ ಕಾಗದ ಪರಿಶೀಲಿಸಿದಂತೆ. ‘ದ ಮ್ಯಾನೇಜರ್ ಸ್ಯಾಂಕ್ಷನ್ಡ್ ದ ಲೋನ್’ ಎಂದು ಕರ್ತರಿಗೆ ತಿರುಗಿಸಿದರೆ ಸರಿಹೋಗುತ್ತದೆ.

ಮಿಸ್‌ಪ್ಲೇಸ್ಡ್ ಮಾಡಿಫೈಯರ್‌ನ ಕಾಯಿಲೆ ಇಷ್ಟು ದೊಡ್ಡದಲ್ಲ. ಅಲ್ಲಿ ಸೇರಬೇಕಾದ ಪದ ವಾಕ್ಯದಲ್ಲೇ ಇರುತ್ತದೆ, ದೂರದಲ್ಲಿ ಮಾತ್ರ. ‘ಶಿ ಸರ್ವ್ಡ್ ದೋಸಾಸ್ ಟು ದ ಗೆಸ್ಟ್ಸ್ ಆನ್ ಬನಾನಾ ಲೀವ್ಸ್’ ಎಂದರೆ ಅತಿಥಿಗಳು ಬಾಳೆಲೆಯ ಮೇಲೆ ಕೂತಂತೆ. ‘ಆನ್ ಬನಾನಾ ಲೀವ್ಸ್’ ಅನ್ನು ದೋಸೆಯ ಪಕ್ಕಕ್ಕೆ ತಂದರೆ ಮುಗಿಯಿತು.

ಹಾಗೆಂದು ‘ಇಂಗ್’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯಬೇಕಿಲ್ಲ. ‘ಕನ್ಸಿಡರಿಂಗ್ ದ ಟ್ರಾಫಿಕ್, ದ ಬಸ್ ವಾಸ್ ಆನ್ ಟೈಮ್’ ಎಂಬುದು ಒಪ್ಪಿತ ಬಳಕೆ. ಅಲ್ಲಿ ‘ಕನ್ಸಿಡರಿಂಗ್’ ಯಾರ ಕೆಲಸವನ್ನೂ ಹೇಳುತ್ತಿಲ್ಲ, ಬಸ್ಸು ಟ್ರಾಫಿಕ್ಕಿನ ಬಗ್ಗೆ ಯೋಚಿಸಿತೆಂದು ಯಾರೂ ಓದುವುದೂ ಇಲ್ಲ.