ಹಸುವಿನ ಹಾಲು ಬಿಟ್ಟರೆ ಪ್ರೋಟೀನ್ ಎಲ್ಲಿಂದ?

ದಿನಕ್ಕೆ 200 ಮಿ.ಲೀ. ಹಾಲು ಬಳಸುವವರನ್ನು ತೆಗೆದುಕೊಳ್ಳಿ: ಚಹಾಕ್ಕೆ 50, ಬೆಳಗಿನ ಸೀರಿಯಲ್‌ಗೆ 150. ಹಸುವಿನ ಹಾಲಾದರೆ ಅದರಲ್ಲಿ ಸುಮಾರು 6.5 ಗ್ರಾಂ ಪ್ರೋಟೀನ್ ಸಿಗುತ್ತದೆ. ಸಕ್ಕರೆ ಹಾಕದ ಸೋಯಾ ಹಾಲು ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಓಟ್ಸ್ ಹಾಲಿನಲ್ಲಿ ಸುಮಾರು 2 ಗ್ರಾಂ, ಬಾದಾಮಿ ಹಾಲಿನಲ್ಲಿ 1 ಗ್ರಾಂ ಮಾತ್ರ.

ಬಾದಾಮಿ ಪೌಷ್ಟಿಕವೇ. ಆದರೆ ಪ್ಯಾಕೆಟ್ಟಿನ ಹಾಲಿನಲ್ಲಿ ಅದು ಸಾಮಾನ್ಯವಾಗಿ ಶೇಕಡಾ ಕೆಲವೇ ಭಾಗ. ಉಳಿದದ್ದು ಬಹುತೇಕ ನೀರು. ಅದಕ್ಕೇ ಕ್ಯಾಲೊರಿಯೂ ಕಡಿಮೆ. ಓಟ್ಸ್ ಹಾಲಿನಲ್ಲಿ ಕಾರ್ಬೋಹೈಡ್ರೇಟ್ ಹೆಚ್ಚು. ತಯಾರಿಕೆಯಲ್ಲಿ ಕಿಣ್ವಗಳು ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆಯಾಗಿಸುವುದರಿಂದ, ಸಕ್ಕರೆ ಬೆರೆಸದಿದ್ದರೂ ಅದು ಸಿಹಿಯಾಗಿರುತ್ತದೆ. ಮಧುಮೇಹ ಇರುವವರು ಇದನ್ನು ಗಮನಿಸಬೇಕು.

ಚಹಾಕ್ಕೆ ಬೇಕಾದದ್ದು ಸ್ವಲ್ಪವೇ ಆದ್ದರಿಂದ ಅಲ್ಲಿ ರುಚಿಗೆ ತಕ್ಕಂತೆ ಆರಿಸಬಹುದು. ಓಟ್ಸ್ ಹಾಲು ಚಹಾಕ್ಕೆ ಮಂದತೆ ಕೊಡುತ್ತದೆ. ಸೋಯಾ ಹಾಲು ಕುದಿಯುವ ಕಡು ಚಹಾದಲ್ಲಿ ಒಡೆಯಬಹುದು. ಅದನ್ನು ಬೇರೆಯಾಗಿ ಬಿಸಿ ಮಾಡಿ, ಒಲೆ ಆರಿಸಿದ ಮೇಲೆ ಬೆರೆಸಿ. ಸೀರಿಯಲ್‌ಗೆ ಮಾತ್ರ ಸೋಯಾ ಹಾಲೇ ಸರಿಯಾದ ಬದಲಿ. ಬಾದಾಮಿ ಹಾಲೇ ಬೇಕೆಂದರೆ, ಕೊರತೆ ತುಂಬಲು ಜೊತೆಗೊಂದು ಮೊಟ್ಟೆಯನ್ನೋ ಹಿಡಿ ಹುರಿದ ಶೇಂಗಾವನ್ನೋ ತಿನ್ನಿ. ಕೊಳ್ಳುವಾಗ ಲೇಬಲ್ಲಿನಲ್ಲಿ 100 ಮಿ.ಲೀ.ಗೆ ಎಷ್ಟು ಪ್ರೋಟೀನ್, ಎಷ್ಟು ಸೇರಿಸಿದ ಸಕ್ಕರೆ, ಕ್ಯಾಲ್ಸಿಯಂ ಬೆರೆಸಿದ್ದಾರೆಯೇ ಎಂಬುದನ್ನು ನೋಡಿ.