ಸಾಲ ತೀರಿತು, ಮನೆಪತ್ರ ಎಲ್ಲಿ?

ಕತಗಾಲದ ಮನೆಯೊಂದರ ಸಾಲ ಜೂನ್ 3ರಂದು ಪೂರ್ತಿ ತೀರಿತೆನ್ನೋಣ. ಕುಮಟಾದ ಶಾಖೆಯವರು 'ಪತ್ರಗಳು ಬೇರೆ ಊರಿನ ಕಚೇರಿಯಲ್ಲಿವೆ, ಆಮೇಲೆ ಬನ್ನಿ' ಎಂದರೆ ಸುಮ್ಮನೆ ಮರಳಬೇಡಿ. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಮಾಡಿದ ನಿಯಮದಂತೆ ಮೂಲಪತ್ರಗಳನ್ನು 30 ದಿನಗಳೊಳಗೆ, ಅಂದರೆ ಜುಲೈ 3ರೊಳಗೆ ಕೊಡಲೇಬೇಕು. ಬ್ಯಾಂಕಿನದೇ ಕಾರಣದಿಂದ ಜುಲೈ 15 ಆಯಿತೋ, ದಿನಕ್ಕೆ 5,000ದಂತೆ 12 ದಿನಕ್ಕೆ 60,000 ರೂಪಾಯಿ ಪರಿಹಾರ. ಪತ್ರವೇ ಕಳೆದಿದ್ದರೆ ದೃಢೀಕೃತ ನಕಲು ಪಡೆಯಲು ಬ್ಯಾಂಕು ನೆರವಾಗಿ ಖರ್ಚನ್ನೂ ಭರಿಸಬೇಕು. ಆಗ ಅದಕ್ಕೆ ಇನ್ನೂ 30 ದಿನ ಸಿಗುತ್ತದೆ.

ತಡವಾದದ್ದು ಯಾರಿಂದ ಎಂಬುದೇ ಮುಂದೆ ಜಗಳದ ವಿಷಯ. ಹಾಗಾಗಿ ಸಾಲ ತೀರಿದ ದಿನವೇ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ತಾರೀಕು ಸಹಿತ ಸೀಲು ಹಾಕಿಸಿ. (ಅರ್ಜಿ ಬರೆಯಲು ಕಾಲೇಜಿಗೆ ಹೋಗುವ ಮಗಳಿದ್ದಾಳಲ್ಲ!) ಪತ್ರ ಕೈಗೆ ಬಂದಾಗ, ಹಿಂದೆ ಒಪ್ಪಿಸಿದ ಪಟ್ಟಿಯೊಡನೆ ಪುಟಪುಟವನ್ನೂ ತಾಳೆನೋಡಿಯೇ ಸಹಿ ಮಾಡಿ.