ನಾಲ್ಕರಲ್ಲಿ ಹೊಸದು ಎಷ್ಟು?

ಹಿಟ್ಟಿನ ಗಿರಣಿಯೊಂದರಲ್ಲಿ ನಾಲ್ಕು ಬಗೆಯ ಮಿಶ್ರಧಾನ್ಯದ ಚೀಲಗಳಿವೆ ಎಂದುಕೊಳ್ಳಿ. ಯಾವ ಚೀಲದಲ್ಲಿ ರಾಗಿ, ಗೋಧಿ, ಜೋಳ, ಹೆಸರುಕಾಳು ಎಷ್ಟೆಷ್ಟು ಕಿಲೋ ಇವೆ ಎಂಬುದನ್ನು ಇದೇ ಕ್ರಮದಲ್ಲಿ ಬರೆದಿಟ್ಟಿದ್ದಾರೆ:

```
ಕ:  1  2  0  1
ಖ:  0  1  1  2
ಗ:  2  1  1  0
ಘ:  4  4  0  0
```

ಹೀಗೆ ಕ್ರಮ ತಪ್ಪದೆ ಬರೆದ ನಾಲ್ಕು ಸಂಖ್ಯೆಗಳ ಒಂದೊಂದು ಸಾಲೂ ನಾಲ್ಕು ಆಯಾಮದ ಒಂದು ಸದಿಶ. ಕಾಲೇಜಿನಲ್ಲಿ ಇದನ್ನು ವೆಕ್ಟರ್ ಎಂದೇ ಕರೆಯುತ್ತಾರೆ. ನಾಲ್ಕನೆಯ ಆಯಾಮ ಎಂದೊಡನೆ ಕಣ್ಣಿಗೆ ಕಾಣದ ಲೋಕವೊಂದನ್ನು ಊಹಿಸಿಕೊಳ್ಳಲು ಹೆಣಗಬೇಕಿಲ್ಲ. ನಾಲ್ಕು ಧಾನ್ಯ, ನಾಲ್ಕು ಸಂಖ್ಯೆ, ಅಷ್ಟೇ.

ಈಗ ಪ್ರಶ್ನೆ. ಇವುಗಳಲ್ಲಿ ಯಾವುದಾದರೂ ಒಂದು ಚೀಲದ ಲೆಕ್ಕವನ್ನು ಉಳಿದವುಗಳನ್ನು ಕೂಡಿಸಿ, ಕಳೆದು ಪಡೆಯಬಹುದೇ? ಪಡೆಯಬಹುದಾದರೆ ಈ ಸದಿಶಗಳು ಒಂದನ್ನೊಂದು ಅವಲಂಬಿಸಿವೆ. ಯಾವುದನ್ನೂ ಪಡೆಯಲಾಗದಿದ್ದರೆ ಅವು ರೇಖೀಯವಾಗಿ ಸ್ವತಂತ್ರ.

ಇಲ್ಲಿ ಹೆಚ್ಚಿನವರು ಎಡವುವುದು ಜೋಡಿ ಜೋಡಿಯಾಗಿ ಹೋಲಿಸಲು ಹೋಗಿ. ಕ ಮತ್ತು ಖ ನೋಡಿ, ಒಂದು ಇನ್ನೊಂದರ ದುಪ್ಪಟ್ಟೂ ಅಲ್ಲ, ಅರ್ಧವೂ ಅಲ್ಲ. ಕ ಮತ್ತು ಗ, ಖ ಮತ್ತು ಘ, ಯಾವ ಜೋಡಿ ತೆಗೆದುಕೊಂಡರೂ ಹಾಗೆಯೇ. ಅಷ್ಟಕ್ಕೇ ಸ್ವತಂತ್ರ ಎಂದುಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ನಂಟು ಮೂರು ನಾಲ್ಕು ಚೀಲಗಳ ನಡುವೆ ಹಂಚಿಕೊಂಡು ಅಡಗಿರಬಹುದು.

ಅದನ್ನು ಹೊರಗೆಳೆಯುವ ದಾರಿ ತುಂಬ ಹಳೆಯದು. ಚೀನಾದ ‘ಗಣಿತದ ಒಂಬತ್ತು ಅಧ್ಯಾಯಗಳು’ ಎಂಬ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಧಾನ್ಯದ ಸಿವುಡುಗಳ ಲೆಕ್ಕವನ್ನು ಇದೇ ಕ್ರಮದಲ್ಲಿ ಬಿಡಿಸಿದ್ದಾರೆ. ಆ ಗ್ರಂಥಕ್ಕೆ ಲಿಯು ಹುಯಿ ವ್ಯಾಖ್ಯಾನ ಬರೆದದ್ದು ಕ್ರಿ.ಶ. 263ರಲ್ಲಿ. ನಾವು ಇಂದು ಇದಕ್ಕೆ ಜರ್ಮನಿಯ ಗೌಸ್ ಹೆಸರು ಇಟ್ಟಿದ್ದೇವೆ.

ಕೆಲಸ ಇಷ್ಟು: ಮೇಲಿನ ಸಾಲಿನ ಸಹಾಯದಿಂದ ಕೆಳಗಿನ ಸಾಲುಗಳ ಮೊದಲ ಸಂಖ್ಯೆಯನ್ನು ಅಳಿಸುತ್ತ ಹೋಗುವುದು. ಗ ಸಾಲಿನಿಂದ ಕ ಸಾಲಿನ ಎರಡರಷ್ಟನ್ನು ಕಳೆಯಿರಿ. ಘ ಸಾಲಿನಿಂದ ನಾಲ್ಕರಷ್ಟನ್ನು ಕಳೆಯಿರಿ. ಖ ಸಾಲಿನಲ್ಲಿ ಮೊದಲೇ ಸೊನ್ನೆ ಇರುವುದರಿಂದ ಅದನ್ನು ಮುಟ್ಟುವುದು ಬೇಡ.

```
ಕ:  1   2   0   1
ಖ:  0   1   1   2
ಗ:  0  -3   1  -2
ಘ:  0  -4   0  -4
```

ಇನ್ನು ಎರಡನೆಯ ಸಂಖ್ಯೆಯ ಸರದಿ. ಗ ಸಾಲಿಗೆ ಖ ಸಾಲಿನ ಮೂರರಷ್ಟು, ಘ ಸಾಲಿಗೆ ನಾಲ್ಕರಷ್ಟು ಕೂಡಿಸಿ. ಎರಡೂ ಕಡೆ ಬರುವುದು ಒಂದೇ: `0 0 4 4`. ಒಂದರಿಂದ ಇನ್ನೊಂದನ್ನು ಕಳೆದರೆ ಘ ಸಾಲು ಪೂರ್ತಿ ಸೊನ್ನೆ. ಸೊನ್ನೆಯಾದ ಸಾಲೇ ಸಾಕ್ಷಿ: ಇವು ಸ್ವತಂತ್ರವಲ್ಲ.

ಇಲ್ಲಿಗೇ ಪೆನ್ನು ಕೆಳಗಿಡದಿರಿ ಎಂದು ನಾನು ಹೇಳುತ್ತೇನೆ. ಏನನ್ನು ಎಷ್ಟು ಕೂಡಿಸಿದೆವು, ಎಷ್ಟು ಕಳೆದೆವು ಎಂದು ಹಿಂದಿರುಗಿ ನೋಡಿದರೆ ಅಡಗಿದ್ದ ನಂಟು ಸಿಗುತ್ತದೆ: ಘ ಎಂದರೆ ಎರಡು ಕ, ಒಂದು ಗ ಸೇರಿಸಿ ಒಂದು ಖ ಕಳೆದದ್ದು. ಧಾನ್ಯದ ರಾಶಿಯಿಂದ ಖ ಚೀಲವನ್ನು ಆರಿಸಿ ತೆಗೆಯುವುದು ಹೇಗೆ ಎಂದು ನೀವು ಕೇಳಬಹುದು. ಅದನ್ನು ಇನ್ನೊಂದು ಪಕ್ಕಕ್ಕೆ ಹಾಕಿ. ಒಂದು ಡ್ರಮ್ಮಿಗೆ ಎರಡು ಕ ಚೀಲ, ಒಂದು ಗ ಚೀಲ ಸುರಿಯಿರಿ. ಇನ್ನೊಂದಕ್ಕೆ ಒಂದು ಖ, ಒಂದು ಘ ಸುರಿಯಿರಿ. ಎರಡರಲ್ಲೂ 4 ಕಿಲೋ ರಾಗಿ, 5 ಕಿಲೋ ಗೋಧಿ, 1 ಕಿಲೋ ಜೋಳ, 2 ಕಿಲೋ ಹೆಸರುಕಾಳು. ಹೀಗೆ ತಾಳೆ ನೋಡಿದರೆ ನಡುವೆ ಎಲ್ಲೋ ಕೂಡುವ ಚಿಹ್ನೆ ತಪ್ಪಿದ್ದರೂ ಗೊತ್ತಾಗಿಬಿಡುತ್ತದೆ.

ಘ ಚೀಲಕ್ಕೆ 1 ಕಿಲೋ ಹೆಸರುಕಾಳು ಬೆರೆಸಿ ನೋಡೋಣ. ಈಗ ಅದು `4 4 0 1`. ಅದೇ ಹೆಜ್ಜೆಗಳಲ್ಲಿ ನಡೆದರೆ ಕೊನೆಯ ಸಾಲು `0 0 0 1` ಆಗಿ ನಿಲ್ಲುತ್ತದೆ. ಯಾವ ಸಾಲೂ ಸೊನ್ನೆಯಾಗಲಿಲ್ಲ, ನಾಲ್ಕೂ ಸ್ವತಂತ್ರ. ಇದಾದ ಮೇಲೆ ಐದನೆಯ ಚೀಲ ಯಾವುದನ್ನೇ ತಂದರೂ ಅದು ಅವಲಂಬಿತವೇ: ನಾಲ್ಕು ಧಾನ್ಯಗಳಿರುವಲ್ಲಿ ಅಳಿಸದೆ ಉಳಿಯಲು ನಾಲ್ಕೇ ಜಾಗ.

ನಿಜವಾದ ತಕ್ಕಡಿಯ ಲೆಕ್ಕ ಬಂದಾಗ ಮಾತ್ರ ಎಚ್ಚರ ಬೇಕು. ಘ ಚೀಲದಲ್ಲಿ 10 ಗ್ರಾಂ ಹೆಸರುಕಾಳು ಇದೆ ಎಂದು ತಕ್ಕಡಿ ತೋರಿಸಿತು ಎನ್ನಿ. ಕೊನೆಯ ಸಾಲು `0 0 0 0.01`. ಕಾಗದದ ಮೇಲೆ ಇದು ಸೊನ್ನೆಯಲ್ಲ, ಹಾಗಾಗಿ ಸ್ವತಂತ್ರ. ಆದರೆ ಆ ತಕ್ಕಡಿಯೇ 20 ಗ್ರಾಂ ಆಚೀಚೆ ತೂಗುವಂಥದ್ದಾದರೆ ಆ 10 ಗ್ರಾಂ ಇದೆ ಎನ್ನುವುದಕ್ಕೇ ಆಧಾರವಿಲ್ಲ. ಎಷ್ಟು ಚಿಕ್ಕದನ್ನು ಸೊನ್ನೆಯೆಂದು ಎಣಿಸಬೇಕು ಎಂಬುದನ್ನು ತಕ್ಕಡಿ ಬಲ್ಲವರೇ ಹೇಳಬೇಕು. ಸ್ವತಂತ್ರ ಸಾಲುಗಳು ಎಷ್ಟು ಎಂದು ಪೈಥಾನ್‌ನಲ್ಲಿ `numpy.linalg.matrix_rank(A)` ಎಂದು ಕೇಳಿದರೆ ಉತ್ತರ 4. ಅದೇ ಸಂಖ್ಯೆಗಳಿಗೆ `tol=0.02` ಎಂದು ಸೇರಿಸಿ ಕೇಳಿದರೆ ಉತ್ತರ 3.